ಬಾರಾ ಕಮಾನಿನ ಮೂರು ಫೋಟೊ, ಮೂರು ಬಗೆಯ ಫ್ಲೇರ್

ವಿಜಯಪುರದ ನಮ್ಮ ಓಣಿಯ ಹುಡುಗನೊಬ್ಬ ಸಂಕ್ರಾಂತಿಯ ಹೊತ್ತಿಗೆ ತೆಗೆದ ಮೂರು ಫೋಟೊ ಹಿಡಿದುಕೊಂಡು ಬಂದಿದ್ದ. ಮದುವೆ ಫೋಟೊ ತೆಗೆಯುವವರ ಜೊತೆ ಸಹಾಯಕನಾಗಿ ಓಡಾಡುವ ಹುಡುಗ. ಕೈಯಲ್ಲಿ, ಚಿತ್ರ ಹಿಡಿಯುವ ಸೆನ್ಸರ್ ಎಪಿಎಸ್-ಸಿ ಅಳತೆಯದಾದ ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್. ಮುಂದಿನ ಗಾಜಿಗೆ ಗೀರು ಬೀಳಬಾರದು ಅಂತ ಕಡಿಮೆ ಬೆಲೆಯ ಯುವಿ ಫಿಲ್ಟರ್ ಹಾಕಿಟ್ಟಿದ್ದ. ಎರಡು ಫೋಟೊ ಬಾರಾ ಕಮಾನಿನೊಳಗೆ ಅಕ್ಕ-ಮಾವನವರದ್ದು, ಇನ್ನೊಂದು ಸಿದ್ಧೇಶ್ವರ ಜಾತ್ರೆಯ ರಾತ್ರಿ ರಸ್ತೆಯದ್ದು. ಮೂರೂ ಕೆಟ್ಟಿದ್ದವು.

"ಅಣ್ಣಾ, ಲೆನ್ಸ್ ಕೆಟ್ಟೈತೇನ್ರಿ? ಹೊಸಾದ್ ತಗೊಳ್ಳೂದ ಬರತೈತೇನ್?" ಅಂದ.

"ತಮ್ಮಾ, ಮೊದಲ ಬೆಳಕು ಯಾವ ದಾರೀಲೆ ಒಳಗ ಬಂದೈತಿ ನೋಡೂಣು" ಅಂದೆ. ಏಕೆಂದರೆ ಮೂರೂ ಫೋಟೊಗಳಲ್ಲಿ ಬೇಡದ ಬೆಳಕು ಬಿದ್ದು ಆದ ಹಾಳಿಗೆ ಅವನು "ಫ್ಲೇರ್" ಅನ್ನುವ ಒಂದೇ ಹೆಸರು ಕೊಟ್ಟಿದ್ದರೂ, ಕಾರಣ ಮೂರೂ ಬೇರೆ. ಒಂದಕ್ಕೆ ಲೆನ್ಸಿನ ಮುಂದೆ ನೆರಳಿಗೆಂದು ಸಿಕ್ಕಿಸುವ ಹುಡ್ ಪರಿಹಾರ, ಇನ್ನೊಂದಕ್ಕೆ ಹುಡ್‌ನಿಂದ ಏನೇನೂ ಉಪಯೋಗವಿಲ್ಲ, ಮೂರನೆಯದಕ್ಕೆ ಒಂದು ವಸ್ತುವನ್ನು ಬಿಚ್ಚಿದರೆ ಸಾಕು. ಇದನ್ನು ಬೇರ್ಪಡಿಸಿಕೊಳ್ಳದೆ ಹೊಸ ಲೆನ್ಸಿಗೆ ದುಡ್ಡು ಸುರಿದವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ.

ರಾತ್ರಿಯ ಫೋಟೊದಿಂದಲೇ ಶುರುಮಾಡಿದೆವು, ಅದರ ಕಾರಣ ಹಿಡಿಯುವುದು ಎಲ್ಲಕ್ಕಿಂತ ಸುಲಭ. ಜಾತ್ರೆಯ ರಸ್ತೆ, ಚಿತ್ರದ ಎಡಗಡೆ ಕೆಳಭಾಗದಲ್ಲಿ ಅಂಗಡಿಗಳ ಸಾಲು ದೀಪಗಳು, ಬಲಗಡೆ ಮೇಲೆ ಬರಿ ಕಪ್ಪು ಆಕಾಶ. ಆ ಕಪ್ಪಿನಲ್ಲಿ ಸಣ್ಣ ಸಣ್ಣ ಹಸಿರು ಚುಕ್ಕಿಗಳ ಇನ್ನೊಂದು ಸಾಲು. ಅಂಗಡಿ ಸಾಲಿನಲ್ಲಿ ಒಂದು ಕಡೆ ಎಲ್‌ಇಡಿಯಲ್ಲಿ ಮಾಡಿದ ಬಾಣದ ಗುರುತು ಇತ್ತು. ಚುಕ್ಕಿಗಳ ಸಾಲನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಅಲ್ಲಿಯೂ ಅದೇ ಬಾಣ, ಆದರೆ ತಲೆಕೆಳಗು. ನಿಜವಾದ ದೀಪದಿಂದ ಚಿತ್ರದ ನಟ್ಟನಡುವಿನ ಬಿಂದುವಿಗೆ ಒಂದು ಗೆರೆ ಎಳೆದು, ಅದನ್ನು ಅಷ್ಟೇ ದೂರ ಮುಂದಕ್ಕೆ ಒಯ್ದರೆ ಸರಿಯಾಗಿ ಅದರ ಹಸಿರು ನಕಲಿನ ಮೇಲೆ ಹೋಗಿ ನಿಲ್ಲುತ್ತದೆ. ಒಂದೊಂದು ದೀಪಕ್ಕೂ ಹಾಗೆಯೇ. ಇಷ್ಟು ಕಂಡರೆ ಮೊದಲು ಫಿಲ್ಟರನ್ನೇ ಅನುಮಾನಿಸಬೇಕು.

ಅಲ್ಲಿ ನಡೆಯುವುದು ಇಷ್ಟು. ದೀಪದ ಬೆಳಕು ಲೆನ್ಸ್ ಮೂಲಕ ಹೋಗಿ ಸೆನ್ಸರ್ ಮೇಲೆ ಚುಕ್ಕಿಯಾಗಿ ಬೀಳುತ್ತದೆ. ಸೆನ್ಸರ್ ಕೂಡ ಹೊಳೆಯುವ ವಸ್ತು, ಬಿದ್ದ ಬೆಳಕಿನಲ್ಲಿ ಸ್ವಲ್ಪವನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದಿರುಗಿದ ಆ ಬೆಳಕು ಬಂದ ದಾರಿಯಲ್ಲೇ ಲೆನ್ಸ್ ದಾಟಿ ಹೊರಗೆ ಹೊರಡುತ್ತದೆ. ಬರಿ ಲೆನ್ಸ್ ಇದ್ದಿದ್ದರೆ ಹೊರಗೆ ಹೋಗಿ ಮುಗಿದುಹೋಗುತ್ತಿತ್ತು. ಆದರೆ ಮುಂದೆ ಚಪ್ಪಟೆಯಾದ ಫಿಲ್ಟರ್ ಗಾಜು ಇದೆ. ಅದು ಕನ್ನಡಿಯ ಹಾಗೆ ಆ ಬೆಳಕನ್ನು ಮತ್ತೆ ಒಳಗೆ ತಳ್ಳುತ್ತದೆ, ಕೋನ ಮಾತ್ರ ಅದಲುಬದಲಾಗಿರುತ್ತದೆ. ಎಡಗಡೆ ಕೆಳಗಿದ್ದ ದೀಪ ಬಲಗಡೆ ಮೇಲೆ ಇನ್ನೊಮ್ಮೆ ಮೂಡುತ್ತದೆ. ಗಾಜು ಚಪ್ಪಟೆಯಾಗಿರುವುದರಿಂದ ಆ ನಕಲು ಚದುರುವುದಿಲ್ಲ, ಬಾಣದ ಆಕಾರ ಕೂಡ ಉಳಿಯುವಷ್ಟು ಸ್ಪಷ್ಟವಾಗಿರುತ್ತದೆ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4 ಪ್ರತಿಶತ ಬೆಳಕನ್ನು ಹಿಂದಕ್ಕೆ ಕೊಡುತ್ತದೆ. ಫಿಲ್ಟರಿಗೆ ಎರಡು ಮೈ ಇರುವುದರಿಂದ ಹತ್ತಿರ ಹತ್ತಿರ 8 ಪ್ರತಿಶತ. ಒಳ್ಳೆಯ ಮಲ್ಟಿಕೋಟೆಡ್ ಫಿಲ್ಟರಿನಲ್ಲಿ ಇದು 1 ಪ್ರತಿಶತದ ಆಸುಪಾಸಿಗೆ ಇಳಿಯುತ್ತದೆ, ಪೂರ್ತಿ ಸೊನ್ನೆಯಾಗುವುದಿಲ್ಲ.

ಹುಡುಗ ಹುಡ್ ಹಾಕಿ ಅದೇ ಫೋಟೊ ಮತ್ತೊಮ್ಮೆ ತೆಗೆದು ನೋಡಿದ್ದನಂತೆ, ಏನೂ ಬದಲಾಗಿರಲಿಲ್ಲ. ಬದಲಾಗುವುದೂ ಇಲ್ಲ. ಹುಡ್ ತಡೆಯುವುದು ಚೌಕಟ್ಟಿನ ಹೊರಗಿಂದ ಓರೆಯಾಗಿ ಬರುವ ಬೆಳಕನ್ನು. ಈ ದೀಪಗಳು ಚಿತ್ರದ ಒಳಗೇ ಇವೆ. ಮರುದಿನ ರಾತ್ರಿ ಅದೇ ಜಾಗಕ್ಕೆ ಇಬ್ಬರೂ ಹೋಗಿ ನಿಂತೆವು. ಫಿಲ್ಟರ್ ಇದ್ದಾಗ ಒಂದು, ತಿರುಗಿಸಿ ಬಿಚ್ಚಿದ ಮೇಲೆ ಒಂದು, ಎಕ್ಸ್‌ಪೋಶರ್ ಎರಡಕ್ಕೂ ಒಂದೇ. ಎರಡನೆಯದರಲ್ಲಿ ಆಕಾಶದ ಬಾಣ ಮಾಯವಾಗಿತ್ತು. ಒಂದು ತೀರಾ ಪ್ರಖರವಾದ ಫೋಕಸ್ ಲೈಟಿನ ಹತ್ತಿರ ಮಾತ್ರ ತೆಳುವಾದ ಒಂದು ಮಚ್ಚೆ ಉಳಿದಿತ್ತು, ಅದು ಲೆನ್ಸಿನ ಒಳಗಿನ ಗಾಜುಗಳದ್ದು. ಮೊಬೈಲಿನಲ್ಲಿ ರಾತ್ರಿ ಫೋಟೊ ತೆಗೆದಾಗ ಕಾಣುವ ಹಸಿರು ಚುಕ್ಕಿಯೂ ಇದೇ ಜಾತಿಯದು. ಅಲ್ಲಿ ಲೆನ್ಸಿನ ಸುತ್ತಮುತ್ತ ಇರುವ ಚಪ್ಪಟೆ ಗಾಜುಗಳನ್ನು ಬಿಚ್ಚಲು ಬರುವುದಿಲ್ಲ, ಹಾಗಾಗಿ ಮೊಬೈಲನ್ನು ಸ್ವಲ್ಪ ವಾಲಿಸಿ ಆ ಚುಕ್ಕಿ ಬೆಳಕಿರುವ ಗೋಡೆಯ ಮೇಲೋ ಜನರ ಗುಂಪಿನ ಮೇಲೋ ಬೀಳುವ ಹಾಗೆ ಮಾಡಬೇಕು, ಅಲ್ಲಿ ಅದು ಕರಗಿಹೋಗುತ್ತದೆ.

ಕರಗಿಹೋಗುತ್ತದೆ ಅನ್ನುವುದರಲ್ಲಿ ಇನ್ನೊಂದು ಉಪಾಯವೂ ಇದೆ, ಅದು ನನಗೆ ಬಹಳ ಇಷ್ಟದ್ದು. ಹಸಿರು ನಕಲು ಕಣ್ಣಿಗೆ ಹೊಡೆಯುವುದು ಆಕಾಶ ಪೂರ್ತಿ ಕಪ್ಪಾಗಿದ್ದಾಗ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಹೊತ್ತಿಗೆ ಬೀದಿ ದೀಪ ಹತ್ತಿರುತ್ತವೆ, ಆಕಾಶದಲ್ಲಿ ಗಾಢ ನೀಲಿ ಇನ್ನೂ ಇರುತ್ತದೆ. ಆಗ ದೀಪಕ್ಕೂ ಆಕಾಶಕ್ಕೂ ಇರುವ ಅಂತರ ಬಹಳ ಕಡಿಮೆ. ನಕಲು ಬೀಳುವುದು ಬೀಳುತ್ತದೆ, ಆದರೆ ಆಕಾಶದ ಬೆಳಕಿನಲ್ಲಿ ಮುಳುಗುತ್ತದೆ. ಜನವರಿಯಲ್ಲಿ ನಮ್ಮ ಕಡೆ ಸಂಜೆ ಆರೂ ಕಾಲರ ಸುಮಾರಿಗೆ ಹೊತ್ತು ಮುಳುಗುತ್ತದೆ ಅಂತಿಟ್ಟುಕೊಂಡರೆ, ಆರೂವರೆ ದಾಟಿದ ಮೇಲಿನ ಹದಿನೈದು ನಿಮಿಷ ಜಾತ್ರೆ ಬೀದಿಗೆ ಹೇಳಿಮಾಡಿಸಿದ ಹೊತ್ತು.

ಇನ್ನು ಬಾರಾ ಕಮಾನಿನ ಮೊದಲ ಫೋಟೊ. ಬಾರಾ ಕಮಾನ್ ಎರಡನೆಯ ಅಲಿ ಆದಿಲ್ ಶಾಹನ ಗೋರಿ. ಕಟ್ಟಡ ಪೂರ್ತಿಯಾಗದೆ ಕಮಾನುಗಳಷ್ಟೇ ಬಯಲಿಗೆ ನಿಂತಿವೆ. ಮೇಲೆ ಚಾವಣಿ ಇಲ್ಲ, ಕಲ್ಲು ಕಪ್ಪು. ಹೀಗಾಗಿ ಸಂಜೆ ಹೊತ್ತು ಕಮಾನಿನ ನಡುವೆ ಬಿಸಿಲು ನೇರವಾಗಿ ಒಳಗೆ ನುಗ್ಗುತ್ತದೆ, ಆ ಬಿಸಿಲಿಗೆ ಎದುರಾಗಿ ಕಪ್ಪು ಕಲ್ಲು. ಫ್ಲೇರ್ ಪರೀಕ್ಷೆ ಮಾಡಲು ಇದಕ್ಕಿಂತ ಕಟ್ಟುನಿಟ್ಟಾದ ಜಾಗ ನಮ್ಮೂರಲ್ಲಿಲ್ಲ.

ಅಕ್ಕ ಕಪ್ಪು ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟಿದ್ದರು. ಫೋಟೊದಲ್ಲಿ ಆ ಕಪ್ಪು ಬೂದಿ ಬಣ್ಣಕ್ಕೆ ತಿರುಗಿತ್ತು, ಕೆಂಪು ತೊಳೆದು ಒಣಹಾಕಿದಂತೆ ಮಾಸಿತ್ತು, ಹಿಂದಿನ ಕಲ್ಲಿಗೂ ಆಕಾಶಕ್ಕೂ ಗಡಿಯೇ ಇರಲಿಲ್ಲ. ಮಚ್ಚೆ, ಚುಕ್ಕಿ ಏನೂ ಇಲ್ಲ, ಸೂರ್ಯನೂ ಚಿತ್ರದಲ್ಲಿಲ್ಲ. "ಫೋಕಸ್ ತಪ್ಪೈತ್ರಿ" ಅಂದ ಹುಡುಗ. ಫೋಕಸ್ ಸರಿಯಾಗಿಯೇ ಇತ್ತು, ದೊಡ್ಡದು ಮಾಡಿದರೆ ರೆಪ್ಪೆಗೂದಲು ಎಣಿಸುವಂತಿತ್ತು. ಚಿತ್ರದಲ್ಲಿ ಕಪ್ಪೆಷ್ಟು, ಬಿಳುಪೆಷ್ಟು ಅಂತ ತೋರಿಸುವ ಹಿಸ್ಟೊಗ್ರಾಮ್ ನಕ್ಷೆಯನ್ನು ಕ್ಯಾಮೆರಾದಲ್ಲಿ ತೆರೆದು ತೋರಿಸಿದೆ: ಎಡಗಡೆ, ಅಂದರೆ ಕಪ್ಪಿನ ಕಡೆ, ಬರಿದೋ ಬರಿದು. ಕಪ್ಪು ಸೀರೆ, ಕಪ್ಪು ಕಲ್ಲು, ನೆರಳು ಇಷ್ಟೆಲ್ಲ ಇರುವ ಚಿತ್ರದಲ್ಲಿ ಕಪ್ಪೇ ಇಲ್ಲ ಅಂದರೆ ಎಲ್ಲದರ ಮೇಲೂ ಬೆಳಕಿನ ಒಂದು ಪರದೆ ಬಿದ್ದಿದೆ ಅಂತ ಅರ್ಥ. ಸೂರ್ಯ ಚೌಕಟ್ಟಿನ ಹೊರಗೆ, ಬಲಗಡೆ ಮೇಲಿದ್ದ. ಅವನ ಕಿರಣ ಮುಂದಿನ ಗಾಜಿನ ಮೇಲೆ ಓರೆಯಾಗಿ ಬಿದ್ದು, ಲೆನ್ಸಿನ ಗಾಜುಗಳ ನಡುವೆ, ಒಳಗಿನ ಕೊಳವೆಯ ಗೋಡೆಗಳಿಗೆ ಬಡಿದು, ಚದುರಿ, ಸೆನ್ಸರ್ ತುಂಬ ಹರಡಿತ್ತು. ಫಿಲ್ಟರ್ ಮೇಲೆ ಕೂತ ಧೂಳು ಅದಕ್ಕೆ ಇನ್ನಷ್ಟು ನೆರವಾಗಿತ್ತು.

ಹುಡ್ ಕೆಲಸಕ್ಕೆ ಬರುವುದು ಇಲ್ಲಿ. ಅವನ ಹತ್ತಿರ ಹುಡ್ ಇತ್ತು ಕೂಡ, ಆದರೆ ಲೆನ್ಸ್ ಮೇಲೆ ಹಿಂದುಮುಂದಾಗಿ ಸಿಕ್ಕಿಸಿಕೊಂಡೇ ಇತ್ತು. ಚೀಲದಲ್ಲಿ ಇಡಲು ಹಾಗೆ ತಿರುವಿ ಹಾಕುತ್ತಾರೆ, ಫೋಟೊ ತೆಗೆಯುವಾಗ ಅದರಿಂದ ಎಳ್ಳಷ್ಟೂ ನೆರಳಿಲ್ಲ. ಯಾಕೆ ಸರಿಯಾಗಿ ಹಾಕಿಕೊಳ್ಳುವುದಿಲ್ಲ ಅಂದರೆ, ಮದುವೆ ಮನೆಯಲ್ಲಿ ಕ್ಯಾಮೆರಾದ್ದೇ ಸಣ್ಣ ಫ್ಲ್ಯಾಶ್ ಎತ್ತಿದಾಗ ಚಿತ್ರದ ಕೆಳಗೆ ಅರ್ಧಚಂದ್ರದ ಹಾಗೆ ಹುಡ್‌ನ ನೆರಳು ಬೀಳುತ್ತಿತ್ತಂತೆ. ಮಾತು ನಿಜ. ಆ ಫ್ಲ್ಯಾಶ್ ಬಳಸುವಾಗ ಹುಡ್ ತೆಗೆಯಲೇಬೇಕು. ಆದರೆ ಹೊರಗೆ ಬಿಸಿಲಿಗೆ ಬಂದಾಗ ಮತ್ತೆ ಹಾಕಬೇಕಲ್ಲ.

ಹುಡ್ ಸರಿಯಾಗಿ ಹಾಕಿ ಅದೇ ಜಾಗದಲ್ಲಿ ಮತ್ತೆ ತೆಗೆದೆವು. 18 ಎಂಎಂಗೆ ಇಟ್ಟಾಗ ಕಪ್ಪು ಕಪ್ಪಾಗಿಯೇ ಬಂತು. ಅಕ್ಕನ ಮುಖ ಹತ್ತಿರ ಬರಲಿ ಅಂತ 55 ಎಂಎಂಗೆ ತಿರುಗಿಸಿ, ಕ್ಯಾಮೆರಾವನ್ನು ಸೂರ್ಯನ ಕಡೆ ಇನ್ನಷ್ಟು ವಾಲಿಸಿದ ಕೂಡಲೇ ಮತ್ತೆ ಬೂದಿ. ಇದು ಬಹಳ ಜನರನ್ನು ಗೊಂದಲಕ್ಕೆ ಹಾಕುವ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 18 ಎಂಎಂನಲ್ಲಿ ಈ ಕ್ಯಾಮೆರಾ ಅಡ್ಡಕ್ಕೆ ಸುಮಾರು 65 ಡಿಗ್ರಿ ಅಗಲ ನೋಡುತ್ತದೆ. ಹುಡ್ ಉದ್ದವಾದರೆ ಅದರ ಅಂಚೇ ಚಿತ್ರದ ಮೂಲೆಗಳಲ್ಲಿ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಝೂಮ್ ಲೆನ್ಸಿನ ಹುಡ್ಡನ್ನು ಅದರ ಅತಿ ಅಗಲದ ತುದಿಗೆ ಹೊಂದುವಷ್ಟು ಗಿಡ್ಡವಾಗಿಯೇ ಮಾಡಿರುತ್ತಾರೆ. 55 ಎಂಎಂನಲ್ಲಿ ಕ್ಯಾಮೆರಾ ನೋಡುವುದು ಬರಿ 24 ಡಿಗ್ರಿಯಷ್ಟು. ನಡುವಿನಿಂದ 25 ಡಿಗ್ರಿ ಪಕ್ಕಕ್ಕಿರುವ ಸೂರ್ಯ ಆಗ ಚಿತ್ರದಿಂದ ಬಹಳ ಹೊರಗೇ ಇರುತ್ತಾನೆ, ಆದರೆ ಅಗಲದ ತುದಿಗೆಂದು ಮಾಡಿದ ಹುಡ್ ಅವನನ್ನು ತಡೆಯಲಾರದು, ಕಿರಣ ಸಲೀಸಾಗಿ ಗಾಜಿಗೆ ಬೀಳುತ್ತದೆ.

ಸಾಕೋ ಸಾಲದೋ ಎಂದು ತಿಳಿಯಲು ಲೆಕ್ಕ ಹಾಕಬೇಕಿಲ್ಲ. ಕ್ಯಾಮೆರಾವನ್ನು ಫೋಟೊ ತೆಗೆಯುವ ದಿಕ್ಕಿಗೇ ಹಿಡಿದು, ಇನ್ನೊಬ್ಬರನ್ನು ಎದುರಿಗೆ ಬಂದು ಲೆನ್ಸಿನ ಮುಂದಿನ ಗಾಜನ್ನು ನೋಡಲು ಹೇಳಿ. ಗಾಜಿನ ಮೇಲೆ ಬಿಸಿಲಿನ ಒಂದು ತುಣುಕಾದರೂ ಬಿದ್ದಿದ್ದರೆ ಹುಡ್ ಸಾಲದು. ಪೂರ್ತಿ ನೆರಳಿದ್ದರೆ ಸಾಕು. ಬೀದಿ ದೀಪಕ್ಕೂ ಇದೇ ಪರೀಕ್ಷೆ. ತಲೆಯ ಮೇಲೆ ಉರಿಯುವ ಕಂಬದ ದೀಪ ಚಿತ್ರದಲ್ಲಿ ಕಾಣದಿದ್ದರೂ ಗಾಜನ್ನು ಮುಟ್ಟುತ್ತಿರುತ್ತದೆ. ಅಂದಹಾಗೆ ದಳದಳವಾಗಿ ಕತ್ತರಿಸಿದ ಹುಡ್ ಇದ್ದರೆ ಅದರ ಉದ್ದನೆಯ ದಳಗಳು ಮೇಲೆ ಮತ್ತು ಕೆಳಗೆ ಬರಬೇಕು, ಚಿತ್ರ ಅಗಲಕ್ಕಿಂತ ಎತ್ತರದಲ್ಲಿ ಕಿರಿದಲ್ಲವೇ.

ಸಾಲದಾದಾಗ ನಾವು ಮೊದಲು ಮಾಡಿದ್ದು ಮಾವನವರ ಕೈ ಬಳಸಿದ್ದು. ಅವರು ಹುಡುಗನ ಬಲಕ್ಕೆ ನಿಂತು, ಕಪ್ಪು ಚಾರ್ಟ್ ಪೇಪರಿನ ಒಂದು ತುಂಡನ್ನು ಅಂಗೈಯಲ್ಲಿ ಹಿಡಿದು, ಅದರ ನೆರಳು ಸರಿಯಾಗಿ ಲೆನ್ಸಿನ ಗಾಜಿನ ಮೇಲೆ ಬೀಳುವಂತೆ ಮೆಲ್ಲಗೆ ಸರಿಸಿದರು. ವ್ಯೂಫೈಂಡರಿನಲ್ಲಿ ನೋಡುತ್ತಿದ್ದ ಹುಡುಗ "ಹಾಂ ಹಾಂ, ಈಗ ಸೀರಿ ಕಪ್ಪಾತು!" ಅಂತ ಕೂಗಿದ. ಪರದೆ ಸರಿದ ಆ ಕ್ಷಣ ಕಣ್ಣಿಗೇ ಕಾಣುತ್ತದೆ, ಫೋಟೊ ತೆಗೆದು ನೋಡುವವರೆಗೂ ಕಾಯಬೇಕಿಲ್ಲ. ಕಾಗದದ ಅಂಚು ಚಿತ್ರದೊಳಗೆ ಬರದ ಹಾಗೆ ಮಾತ್ರ ನೋಡಿಕೊಳ್ಳಬೇಕು.

ಅದಕ್ಕಿಂತ ಚೆಂದದ ಪರಿಹಾರ ಅಲ್ಲೇ ಪಕ್ಕದಲ್ಲಿತ್ತು. ಕಮಾನಿನ ಕಂಬಗಳು ನೆಲದ ಮೇಲೆ ಉದ್ದುದ್ದ ನೆರಳು ಚೆಲ್ಲಿದ್ದವು. ಹುಡುಗ ಎರಡು ಹೆಜ್ಜೆ ಎಡಕ್ಕೆ ಸರಿದು ಅಂಥದೊಂದು ನೆರಳಿನೊಳಗೆ ನಿಂತ. ಅಕ್ಕ ಬಿಸಿಲಲ್ಲೇ ಇದ್ದರು, ಕೂದಲಿನ ಅಂಚಿಗೆ ಹೊನ್ನಿನ ಗೆರೆ ಹಾಗೆಯೇ ಉಳಿಯಿತು, ಕ್ಯಾಮೆರಾ ಮಾತ್ರ ನೆರಳಲ್ಲಿತ್ತು. ಯಾವ ಅಂಗಡಿಯ ಹುಡ್ಡೂ ಕಲ್ಲಿನ ಕಂಬದಷ್ಟು ಉದ್ದವಿರುವುದಿಲ್ಲ. ಬಿಸಿಲಿಗೆ ಎದುರಾಗಿ ಫೋಟೊ ತೆಗೆಯುವವರು ಮೊದಲು ನೋಡಬೇಕಾದದ್ದು ನೆಲವನ್ನು, ನೆರಳು ಎಲ್ಲಿ ಬಿದ್ದಿದೆ ಅಂತ.

ಮನೆಗೆ ಬಂದ ಮೇಲೆ ಹಳೆಯ ಬೂದಿ ಫೋಟೊವನ್ನು ಕಂಪ್ಯೂಟರಿನಲ್ಲಿ ಮಸುಕು ತೆಗೆಯುವ ಡಿಹೇಜ್ ಬಳಸಿ ಸರಿಪಡಿಸಿದೆವು. ಸೀರೆಯ ಕಪ್ಪು ಸುಮಾರಾಗಿ ಬಂತು, ಆದರೆ ನೆರಳಿನ ಭಾಗದಲ್ಲಿ ಮರಳು ಮರಳಾಗಿ ನಾಯ್ಸ್ ಎದ್ದಿತು, ಸೆರಗಿನ ಕೆಂಪು ಒಂದು ಬದಿಯಲ್ಲಿ ಒಂದು ಥರ, ಇನ್ನೊಂದು ಬದಿಯಲ್ಲಿ ಇನ್ನೊಂದು ಥರ ಬಂತು. ಪರದೆ ಚಿತ್ರದ ತುಂಬ ಒಂದೇ ಸಮನಾಗಿ ಬಿದ್ದಿರುವುದಿಲ್ಲ, ಸೂರ್ಯನ ಕಡೆಗೆ ಹೆಚ್ಚು. ತೆಗೆಯುವಾಗಲೇ ತಡೆದದ್ದಕ್ಕೆ ಅದು ಸಾಟಿಯಲ್ಲ.

ಎರಡನೆಯ ಫೋಟೊ ಎಲ್ಲಕ್ಕಿಂತ ಬಿಗಿಯಾದ ಗಂಟು. ಸೂರ್ಯ ಚಿತ್ರದೊಳಗೇ, ಬಲಗಡೆ ಮೇಲಿನ ಮೂಲೆಯಲ್ಲಿ, ಕಮಾನಿನ ನಡುವೆ. ಅಲ್ಲಿಂದ ಎಡಗಡೆ ಕೆಳಗಿನ ಮೂಲೆಯವರೆಗೆ ಓರೆಯಾಗಿ ನೇರಳೆ, ಹಸಿರು, ಕಿತ್ತಳೆ ಮಚ್ಚೆಗಳ ಮಾಲೆ. ದೊಡ್ಡವು, ಸಣ್ಣವು, ಕೆಲವಕ್ಕೆ ಅಪರ್ಚರಿನ, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಎಲೆಗಳ ಕಿಂಡಿಯ, ಮೂಲೆಗಳಿರುವ ಆಕಾರ. ಅದರಲ್ಲೊಂದು ಹಸಿರು ಮಚ್ಚೆ ಮಾವನವರ ಕೆನ್ನೆಯ ಮೇಲೆಯೇ ಕೂತಿತ್ತು.

ಇವು ಹುಟ್ಟುವುದು ಲೆನ್ಸಿನ ಒಳಗಿನ ಗಾಜುಗಳ ನಡುವೆ. ಒಂದು ಗಾಜಿನ ಮೈಯಿಂದ ಹಿಂದಕ್ಕೆ ಚಿಮ್ಮಿದ ಬೆಳಕು ಇನ್ನೊಂದರ ಮೈಗೆ ಬಡಿದು ಮತ್ತೆ ಮುಂದಕ್ಕೆ ಹೋಗಿ ಸೆನ್ಸರಿಗೆ ಬೀಳುತ್ತದೆ. ಹೀಗೆ ಎರಡು ಮೈ ಸೇರಿದರೆ ಒಂದು ಮಚ್ಚೆ. ಝೂಮ್ ಲೆನ್ಸಿನಲ್ಲಿ ಗಾಳಿಗೆ ತೆರೆದ ಮೈಗಳು 20 ಇವೆ ಅಂದುಕೊಂಡರೂ ಜೋಡಿಗಳು 190 ಆಗುತ್ತವೆ. ಹೆಚ್ಚಿನವು ಕಣ್ಣಿಗೆ ಕಾಣದಷ್ಟು ತೆಳು. ಒಳ್ಳೆಯ ಲೇಪನವಿದ್ದು ಒಂದು ಮೈ ಅರ್ಧ ಪ್ರತಿಶತ ಮಾತ್ರ ಹಿಂದಕ್ಕೆ ಕೊಟ್ಟರೆ, ಎರಡು ಸಲ ಚಿಮ್ಮಿದ ಬೆಳಕು ಮೂಲದ 40,000ದಲ್ಲಿ ಒಂದು ಪಾಲು. ಕೇಳಲು ಏನೂ ಅಲ್ಲ. ಆದರೆ ಸೂರ್ಯಬಿಂಬ ನೆರಳಿನ ಕಪ್ಪು ಕಲ್ಲಿಗಿಂತ ಲಕ್ಷಗಟ್ಟಲೆ ಪಟ್ಟು ಪ್ರಖರ, ಹಾಗಾಗಿ ಆ ಒಂದು ಪಾಲೂ ಎದ್ದು ಕಾಣುತ್ತದೆ. ಲೇಪನ ಎಲ್ಲ ಬಣ್ಣಕ್ಕೂ ಸಮನಾಗಿ ಕೆಲಸ ಮಾಡುವುದಿಲ್ಲ, ತಡೆಯಲಾಗದೆ ಉಳಿದ ಬಣ್ಣವೇ ಆ ನೇರಳೆ, ಆ ಹಸಿರು.

ಇಲ್ಲಿ ಹುಡ್ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮೊದಲ ದಾರಿ ಕೋನ ಬದಲಿಸುವುದು. ಈ ಮಾಲೆ ಯಾವಾಗಲೂ ಸೂರ್ಯ ಮತ್ತು ಚಿತ್ರದ ನಡುಬಿಂದು ಎರಡನ್ನೂ ಸೇರಿಸುವ ಗೆರೆಯ ಮೇಲೆಯೇ ಇರುತ್ತದೆ. ಇದೊಂದು ಗೊತ್ತಿದ್ದರೆ ಮಚ್ಚೆ ಎಲ್ಲಿ ಬೀಳಬೇಕೆಂದು ನೀವೇ ನಿರ್ಧರಿಸಬಹುದು. ಹುಡುಗನಿಗೆ ಕ್ಯಾಮೆರಾವನ್ನು ಬೆರಳಷ್ಟು ಬಲಕ್ಕೆ ತಿರುಗಿಸಲು ಹೇಳಿದೆ: ಸೂರ್ಯ ಚಿತ್ರದಲ್ಲಿ ಎಡಕ್ಕೆ, ನಡುವಿನ ನೆತ್ತಿಗೆ ಸರಿದ, ಮಾಲೆ ಓರೆಯಿಂದ ಲಂಬಕ್ಕೆ ತಿರುಗಿ ಕೆಳಗಿನ ಹುಲ್ಲಿನ ಮೇಲೆ ಇಳಿಯಿತು, ಮಾವನವರ ಮುಖ ಬಿಟ್ಟುಹೋಯಿತು. ಸೂರ್ಯ ನಟ್ಟನಡುವೆ ಬಂದರೆ ಮಚ್ಚೆಗಳೆಲ್ಲ ಅವನ ಮೇಲೆಯೇ ಮಡಚಿಕೊಂಡು ಕಾಣದಾಗುತ್ತವೆ, ಕಮಾನಿನ ಸಮಸಮ ಚೌಕಟ್ಟಿಗೆ ಅದೂ ಒಪ್ಪುತ್ತದೆ.

ಅಪರ್ಚರ್ ಬದಲಿಸಿದರೂ ಮಾಲೆಯ ರೂಪ ಬದಲಾಗುತ್ತದೆ. ಹುಡುಗ ಎಫ್/16ಕ್ಕೆ ಇಟ್ಟಿದ್ದ, ಸೂರ್ಯನಿಗೆ ನಕ್ಷತ್ರದ ಕಿರಣ ಬರಲಿ ಅಂತ. ಕಿರಣ ಬಂದಿದ್ದವು, ಅವು ಅಪರ್ಚರಿನ ಎಲೆಗಳ ಅಂಚಿನಿಂದ ಹುಟ್ಟುವಂಥವು, ದೋಷವಲ್ಲ. ಆದರೆ ಸಣ್ಣ ಅಪರ್ಚರಿನಲ್ಲಿ ಮಚ್ಚೆಗಳೂ ಚಿಕ್ಕದಾಗಿ, ಅಂಚು ಚೂಪಾಗಿ ಎದ್ದು ಕಾಣುತ್ತವೆ. ಎಫ್/5.6ಕ್ಕೆ ತೆರೆದಾಗ ಅವೇ ಮಚ್ಚೆಗಳು ಹಿಗ್ಗಿ ತೆಳುವಾಗಿ, ಚಿತ್ರದ ಬಣ್ಣದಲ್ಲಿ ಬೆರೆತವು. ನಕ್ಷತ್ರ ಹೋಯಿತು. ಎರಡೂ ಬೇಕು ಅಂದರೆ ಸೂರ್ಯನನ್ನು ಮುಕ್ಕಾಲು ಮುಚ್ಚಬೇಕು.

ಕಮಾನಿನ ಅಂಚು ಅದಕ್ಕೇ ಇದ್ದಂತಿತ್ತು. ತಲೆಯನ್ನು ಅತ್ತಿತ್ತ ಸರಿಸಿ, ಬಿಂಬದ ಒಂದು ಚೂರು ಮಾತ್ರ ಕಲ್ಲಿನ ಅಂಚಿನಿಂದ ಇಣುಕುವ ಜಾಗ ಹುಡುಕಿದೆವು. ಬೆಳಕು ಕಡಿಮೆಯಾದಷ್ಟೂ ಮಚ್ಚೆಗಳೂ ಬಡವಾಗುತ್ತವೆ, ಆದರೆ ಎಫ್/16ರಲ್ಲಿ ಕಿರಣಗಳು ಕಲ್ಲಿನ ಕಪ್ಪಿನ ಮೇಲೆ ಇನ್ನೂ ಚೆನ್ನಾಗಿ ಬಿಡಿಸಿಕೊಳ್ಳುತ್ತವೆ. ಅವಸರ ಮಾತ್ರ ಬೇಕು. ಆಕಾಶದಲ್ಲಿ ಸೂರ್ಯ ಒಂದು ಡಿಗ್ರಿ ಸರಿಯಲು 4 ನಿಮಿಷ, ಅವನ ಬಿಂಬದ ಅಗಲವೇ ಅರ್ಧ ಡಿಗ್ರಿ. ಅಂದರೆ ಎರಡು ನಿಮಿಷದಲ್ಲಿ ಇಡೀ ಬಿಂಬ ಜಾಗ ಬಿಟ್ಟಿರುತ್ತದೆ. ಅಕ್ಕ-ಮಾವನನ್ನು ಮೊದಲೇ ನಿಲ್ಲಿಸಿ, ಎಕ್ಸ್‌ಪೋಶರ್ ಮೊದಲೇ ಹೊಂದಿಸಿ, ಕೊನೆಗೆ ಕ್ಯಾಮೆರಾ ಹಿಡಿದವರು ಸರಿದು ಸರಿದು ಸೂರ್ಯನನ್ನು ಅಂಚಿಗೆ ಕೂರಿಸಿಕೊಳ್ಳುತ್ತಿರಬೇಕು.

ಈ ಹೊತ್ತಿನಲ್ಲೇ ಇನ್ನೊಂದು ಕಂಡಿತು. ಸೂರ್ಯನಿಂದ ಒಂದು ಉದ್ದನೆಯ ಮಸುಕು ಗೆರೆ ಓರೆಯಾಗಿ ಹಾಯ್ದಿತ್ತು, ಅಪರ್ಚರ್ ಬದಲಿಸಿದರೂ ಹೋಗಲಿಲ್ಲ. ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿದ್ದರಿಂದ ಜಿಡ್ಡು ಗೆರೆಗೆರೆಯಾಗಿ ಉಳಿದಿತ್ತು. ಒರೆಸಿದ ದಿಕ್ಕಿಗೆ ಅಡ್ಡವಾಗಿ ಬೆಳಕು ಹರಿಯುತ್ತದೆ. ನಮ್ಮ ಕಡೆಯ ಧೂಳಿಗೆ ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಬಾಯಿಯ ಆವಿ ಹಿಡಿದು ಸುತ್ತಿ ಸುತ್ತಿ ಒರೆಸಬೇಕು. ಗೆರೆ ಹೋಯಿತು.

ಎಷ್ಟು ಸರಿದರೂ ಮಚ್ಚೆ ಮುಖ ಬಿಡದಿದ್ದರೆ ಕೊನೆಯ ಉಪಾಯ ಎರಡು ಫೋಟೊಗಳದ್ದು. ಕ್ಯಾಮೆರಾ ಅಲುಗದಂತೆ ಇಟ್ಟು ಒಂದು ಫೋಟೊ ತೆಗೆಯಿರಿ. ತಕ್ಷಣ, ಕೈ ಮುಂದೆ ಚಾಚಿ ಬೆರಳಿನ ತುದಿಯಿಂದ ಸೂರ್ಯನನ್ನು ಮಾತ್ರ ಮುಚ್ಚಿ ಇನ್ನೊಂದು. ಎರಡನೆಯದರಲ್ಲಿ ಬೆರಳು ಕಾಣುತ್ತದೆ, ಆದರೆ ಮಾಲೆ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು, ಸೂರ್ಯ ಮತ್ತು ಆಕಾಶವನ್ನು ಮೊದಲನೆಯದರಿಂದ, ಮುಖ ಮತ್ತು ನೆಲವನ್ನು ಎರಡನೆಯದರಿಂದ ತೆಗೆದುಕೊಳ್ಳಬಹುದು. ನಿಂತವರು ಆ ಎರಡು ಕ್ಷಣ ಅಲುಗಬಾರದು, ಸೀರೆಯ ಸೆರಗು ಗಾಳಿಗೆ ಹಾರಿದರೆ ಅಂಚು ಕೂಡುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕಾದ್ದರಿಂದ ನಾವು ಕ್ಯಾಮೆರಾವನ್ನು ಚೀಲದ ಮೇಲೆ, ಚೀಲವನ್ನು ನೆಲದ ಮೇಲೆ ಇಟ್ಟು ತೆಗೆದೆವು. ಕೆಳಗಿನಿಂದ ತೆಗೆದದ್ದಕ್ಕೆ ಕಮಾನುಗಳು ಇನ್ನೂ ಎತ್ತರವಾಗಿ ಕಂಡವು, ಸೆರಗನ್ನು ಮಾವ ಹಿಡಿದುಕೊಂಡಿದ್ದರು, ಎರಡೂ ಫೋಟೊ ಸರಿಯಾಗಿ ಕೂಡಿದವು. ಲೆನ್ಸ್ ಹಳೆಯದೇ ಇದೆ. ಯುವಿ ಫಿಲ್ಟರನ್ನು ಈಗ ಜಾತ್ರೆಯ ಧೂಳಿನಲ್ಲಿ ಓಡಾಡುವಾಗ ಮಾತ್ರ ಹಾಕುತ್ತಾನೆ, ದೀಪ ಹತ್ತುವ ಹೊತ್ತಿಗೆ ಬಿಚ್ಚುತ್ತಾನೆ.